ಮಳೆ ನಿಂತರೂ ಹನಿ ನಿಲ್ಲದ ಶೀಟು

ಮಲೆನಾಡು, ಕರಾವಳಿಯ ಊರುಗಳಲ್ಲಿ ಈಗ ಟೆರೇಸ್ ಮನೆ ಕಟ್ಟಿದವರೂ ಅದರ ಮೇಲೊಂದು ಶೀಟಿನ ಮಾಡು ಹಾಕಿಸುತ್ತಾರೆ. ಸ್ಲ್ಯಾಬು ಸೋರುವುದು ನಿಲ್ಲುತ್ತದೆ, ಅಡಿಕೆ ಹರವಲು, ಬಟ್ಟೆ ಒಣಗಿಸಲು ಜಾಗವಾಗುತ್ತದೆ. ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯುತ್ತದೆ. ಎರಡನೆಯದೋ ಮೂರನೆಯದೋ ಬಂದಾಗ ಎಲ್ಲೋ ನಡುವೆ ಒಂದು ಹನಿ ಶುರುವಾಗುತ್ತದೆ. ಮೇಲೆ ಹತ್ತಿ ನೋಡಿದರೆ ಶೀಟಿಗೆ ತೂತಿಲ್ಲ, ತುಕ್ಕಿಲ್ಲ. ವಿಚಿತ್ರವೆಂದರೆ ಮಳೆ ನಿಂತು ಅರ್ಧ ಗಂಟೆಯಾದರೂ ಹನಿ ಬೀಳುತ್ತಲೇ ಇರುತ್ತದೆ.

ಶೀಟು ತನ್ನ ಮೈಯಿಂದ ಸೋರುವುದು ಅಪರೂಪ. ಅದು ಸೋರುವುದು ಒಂದು ಶೀಟು ಇನ್ನೊಂದರ ಮೇಲೆ ಕೂರುವ ಕಡೆ, ಇಲ್ಲವೇ ಸ್ಕ್ರೂ ಇಳಿದ ಕಡೆ. ಪಕ್ಕದ ಶೀಟಿನ ಜೊತೆಗಿನ ಕೂಡಿಕೆಗೆ ಸೈಡ್ ಲ್ಯಾಪ್ ಎನ್ನುತ್ತಾರೆ. ಮೇಲಿನ ಶೀಟಿನ ಕೆಳತುದಿ ಕೆಳಗಿನ ಶೀಟಿನ ಮೇಲುತುದಿಯ ಮೇಲೆ ಕೂರುವುದು ಎಂಡ್ ಲ್ಯಾಪ್. ಎರಡಕ್ಕೂ ಅಳತೆಗಳಿವೆ. ಆದರೆ ‘ಅರ್ಧ ಅಡಿ ಬಿಟ್ಟರೆ ಸಾಕು’ ಎಂಬ ಒಂದೇ ಅಳತೆ ಎಲ್ಲ ಮಾಡಿಗೂ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ವಾಟದ ವಿಷಯ ನೋಡಬೇಕು.

ಹೆಂಚಿನ ಮಾಡಿನ ವಾಟ ಕಡಿದಾಗಿರುತ್ತದೆ, ಒಂದು ಅಡಿಗೆ ಆರೇಳು ಇಂಚು ಇಳಿತ. ಅಲ್ಲಿ ಬಿದ್ದ ನೀರಿಗೆ ನಿಲ್ಲಲು ಸಮಯವೇ ಇಲ್ಲ. ಅದೇ ಮನೆಯವರು ಟೆರೇಸಿನ ಮೇಲೆ ಶೀಟು ಹಾಕಿಸುವಾಗ ಕಂಬ ಎತ್ತರವಾಗುತ್ತದೆ, ಕಬ್ಬಿಣದ ಖರ್ಚು ಏರುತ್ತದೆ, ಗಾಳಿ ಹೊಡೆತ ಜಾಸ್ತಿ ಎಂದೆಲ್ಲ ಯೋಚಿಸಿ ವಾಟವನ್ನು ಅಡಿಗೆ ಎರಡು ಇಂಚಿಗೆ ಇಳಿಸುತ್ತಾರೆ, ಕೆಲವೊಮ್ಮೆ ಒಂದೇ ಇಂಚಿಗೆ. ಕೋನದ ಲೆಕ್ಕದಲ್ಲಿ ಅಡಿಗೆ ಮೂರು ಇಂಚು ಎಂದರೆ 14 ಡಿಗ್ರಿ, ಎರಡು ಇಂಚು ಎಂದರೆ ಒಂಬತ್ತೂವರೆ, ಒಂದು ಇಂಚು ಎಂದರೆ ಐದಕ್ಕೂ ಸ್ವಲ್ಪ ಕಡಿಮೆ. ಶೀಟು ಇಷ್ಟು ಕಡಿಮೆ ವಾಟದಲ್ಲೂ ನೀರು ಹರಿಸುತ್ತದೆ, ಅದರಲ್ಲಿ ತಪ್ಪಿಲ್ಲ. ಕೂಡಿಕೆ ಮಾತ್ರ ಹೆಂಚಿನ ಕಾಲದ ಲೆಕ್ಕದಲ್ಲಿ ಇರಬಾರದು.

ಏಕೆಂದರೆ ಎರಡು ಶೀಟುಗಳ ನಡುವಿನ ಸಂದಿಯಲ್ಲಿ ನೀರು ಮೇಲಕ್ಕೆ ಹತ್ತುತ್ತದೆ. ನಂಬಿಕೆ ಬಾರದಿದ್ದರೆ ಎರಡು ಗಾಜಿನ ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಕೆಳ ಅಂಚನ್ನು ಬಣ್ಣದ ನೀರಿನ ತಟ್ಟೆಯಲ್ಲಿ ಅದ್ದಿ ನೋಡಿ. ನೀರು ತಾನಾಗಿ ಸಂದಿಯೊಳಗೆ ಏರುತ್ತದೆ. ಸಂದಿ ಕಿರಿದಾದಷ್ಟೂ ಏರಿಕೆ ಹೆಚ್ಚು. ಅರ್ಧ ಮಿಲಿಮೀಟರ್ ಸಂದಿಯಲ್ಲಿ, ಮೇಲ್ಮೈ ಪೂರ್ತಿ ಒದ್ದೆಯಾಗುವಂಥದ್ದಾದರೆ, ನೀರು ನೆಟ್ಟಗೆ ಸುಮಾರು 3 ಸೆಂಟಿಮೀಟರ್ ಎತ್ತರಕ್ಕೆ ಹೋಗಬಲ್ಲದು. ಮೂರು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಆದರೆ ಇದು ನೆಟ್ಟಗಿನ ಎತ್ತರ. ಮಾಡಿನ ಮೇಲೆ ನೀರು ಇಳಿಜಾರಿನ ಗುಂಟ ಹತ್ತುತ್ತದೆ, ಹಾಗಾಗಿ ವಾಟ ಕಡಿಮೆಯಾದಷ್ಟೂ ಅದೇ ಎತ್ತರ ಮುಟ್ಟಲು ಹೆಚ್ಚು ದೂರ ಸಾಗುತ್ತದೆ. ಅಡಿಗೆ ಏಳು ಇಂಚಿನ ಮಾಡಿನಲ್ಲಿ ಆ ದೂರ 6 ಸೆಂ.ಮೀ. ಮೂರು ಇಂಚಿನದರಲ್ಲಿ 12. ಎರಡು ಇಂಚಿಗೆ ಬಂದರೆ 18. ಒಂದು ಇಂಚಿನ ವಾಟದಲ್ಲಿ 35 ಸೆಂ.ಮೀ., ಅಂದರೆ ಒಂದು ಅಡಿಗೂ ಮಿಗಿಲು!

ಈಗ ಎಂಡ್ ಲ್ಯಾಪಿನ ರೂಢಿಯ ನಿಯಮವನ್ನು ಇದರ ಪಕ್ಕ ಇಟ್ಟು ನೋಡಿ. ವಾಟ 15 ಡಿಗ್ರಿಗೆ ಮೇಲಿದ್ದರೆ 15 ಸೆಂ.ಮೀ. ಲ್ಯಾಪ್ ಸಾಕು, ಅದಕ್ಕಿಂತ ಕಡಿಮೆಯಾದರೆ 20 ಬೇಕು ಎನ್ನುತ್ತದೆ ನಿಯಮ. ನೀರು ಹತ್ತುವ ದೂರಕ್ಕೆ ಒಂದಿಷ್ಟು ಸೇರಿಸಿದರೆ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ. ಅಡಿಗೆ ಒಂದು ಇಂಚಿನ ಮಾಡಿನಲ್ಲಂತೂ ಲ್ಯಾಪನ್ನು ಉದ್ದ ಮಾಡಿ ಗೆಲ್ಲುವುದು ಆಗದ ಮಾತು. ಅಲ್ಲಿ ಒಂದೋ ನೆತ್ತಿಯಿಂದ ಸೂರಿನವರೆಗೆ ಒಂದೇ ಶೀಟು ಬೇಕು, ಇಲ್ಲವೇ ಲ್ಯಾಪಿನೊಳಗೆ ಸೀಲಿಂಗ್ ಟೇಪ್ ಇರಲೇಬೇಕು. ಹೊಸ ಬಣ್ಣದ ಶೀಟಿನ ಮೇಲೆ ನೀರು ಮಣಿಯಾಗಿ ಜಾರುತ್ತದೆ, ಬೇಗ ಹರಡಿಕೊಳ್ಳುವುದಿಲ್ಲ. ಧೂಳು, ಪಾಚಿ ಕೂತ ಮೇಲೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಮೊದಲ ವರ್ಷ ಸೋರದ ಮಾಡು ಮೂರನೇ ವರ್ಷ ಸೋರುವುದಕ್ಕೆ ಇದೂ ಒಂದು ಕಾರಣ.

ಸಂದಿಯಲ್ಲಿ ಹತ್ತಿದ ನೀರು ತಾನಾಗಿ ಮೇಲುತುದಿಯಿಂದ ಉಕ್ಕಿ ಸುರಿಯುವುದಿಲ್ಲ. ಅದನ್ನು ಗಾಳಿ ತಳ್ಳಬೇಕು, ಇಲ್ಲವೇ ಕೆಳಗಿಳಿಯಲು ಅದಕ್ಕೊಂದು ದಾರಿ ಸಿಗಬೇಕು. ಎಂಡ್ ಲ್ಯಾಪ್ ಪರ್ಲಿನ್ ಮೇಲೆಯೇ ಕೂರುವುದರಿಂದ ಅಲ್ಲಿ ಸ್ಕ್ರೂ ಎರಡೂ ಶೀಟುಗಳನ್ನು ತೂರಿಕೊಂಡು ಇಳಿದಿರುತ್ತದೆ. ಸ್ಕ್ರೂವಿನ ವಾಶರ್ ಮುಚ್ಚುವುದು ಮೇಲಿನ ಶೀಟಿನ ತೂತನ್ನು ಮಾತ್ರ. ಕೆಳಗಿನ ಶೀಟಿನ ತೂತಿಗೆ ಯಾವ ವಾಶರೂ ಇಲ್ಲ, ಅದು ಲ್ಯಾಪಿನ ಹೊಟ್ಟೆಯಲ್ಲಿ ತೆರೆದೇ ಇರುತ್ತದೆ. ಸಂದಿಯ ನೀರು ಅಲ್ಲಿಗೆ ತಲುಪಿದರೆ ಸ್ಕ್ರೂವಿನ ದಂಟು ಹಿಡಿದು ಪರ್ಲಿನ್‌ಗೆ ಇಳಿಯುತ್ತದೆ, ಅಲ್ಲಿಂದ ಕಬ್ಬಿಣದ ಗುಂಟ ಹರಿದು ಇನ್ನೆಲ್ಲೋ ಹನಿಯುತ್ತದೆ. ಲ್ಯಾಪಿನೊಳಗೆ ಸೇರಿಕೊಂಡ ನೀರು ಖಾಲಿಯಾಗುವವರೆಗೂ ಹನಿ ನಿಲ್ಲುವುದಿಲ್ಲ. ಮಳೆ ಬಿಟ್ಟ ಮೇಲೂ ಟಪ್ ಟಪ್ ಎನ್ನುವುದು ಇದೇ.

ಸೈಡ್ ಲ್ಯಾಪಿಗೆ ಬರೋಣ. ಇಲ್ಲಿ ಮುಖ್ಯ ವೈರಿ ಇರಚಲು. ಹಳೆಯ ಅಲೆಯಲೆಯ ಜಿ.ಐ. ಶೀಟಿನಲ್ಲಿ ಅಲೆಯಿಂದ ಅಲೆಗೆ ಏಳೂವರೆ ಸೆಂಟಿಮೀಟರ್, ಅಲೆಯ ಆಳ ಎರಡಕ್ಕೂ ತುಸು ಕಡಿಮೆ. ಗಂಟೆಗೆ 70 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಎರಡು ಸೆಂಟಿಮೀಟರ್‌ಗೂ ಹೆಚ್ಚು ಎತ್ತರದ ನೀರನ್ನು ಹಿಡಿದು ನಿಲ್ಲಿಸಬಲ್ಲದು. ಅಂದರೆ ಜೋರು ಗಾಳಿಮಳೆಗೆ ಒಂದು ಉಬ್ಬನ್ನು ದಾಟಿಸಿ ನೀರು ನುಗ್ಗಿಸುವ ತಾಕತ್ತಿದೆ. ಅದಕ್ಕೇ ಜಿ.ಐ. ಶೀಟಿಗೆ ಒಂದೂವರೆ ಅಲೆ, ಗಾಳಿ ಬಲವಾದ ಕಡೆ ಎರಡು ಅಲೆ ಹೇರಬೇಕು ಎಂಬ ರೂಢಿ. ಸಿಮೆಂಟ್ ಶೀಟಿಗೆ ಅರ್ಧ ಅಲೆ ಸಾಕಾಗುತ್ತದೆ, ಅದರ ಅಲೆ ಸುಮಾರು ಐದು ಸೆಂಟಿಮೀಟರ್ ಆಳ. (ಹಳೆಯ ಕಲ್ನಾರಿನ ಶೀಟುಗಳನ್ನು ಕತ್ತರಿಸಲು, ಕೊರೆಯಲು ಹೋಗಬೇಡಿ. ಆ ಧೂಳು ಶ್ವಾಸಕೋಶಕ್ಕೆ ಮಾರಕ.)

ಈಗ ಎಲ್ಲ ಕಡೆ ಕಾಣುವ ಬಣ್ಣದ ಶೀಟಿನ ಕತೆ ಬೇರೆ. ಅದರಲ್ಲಿ ಚಪ್ಪಟೆ ತಳ, ನಡುನಡುವೆ ಎತ್ತರದ ಉಬ್ಬುಗಳು. ಸೈಡ್ ಲ್ಯಾಪ್ ಎಂದರೆ ಒಂದು ಉಬ್ಬು ಇನ್ನೊಂದು ಉಬ್ಬಿನ ಮೇಲೆ ಕೂರುವುದು, ಅಷ್ಟೇ. ಒಂದೇ ಉಬ್ಬಿನಲ್ಲಿ ಕೆಲಸ ನಡೆಯಲು ಒಂದು ಉಪಾಯ ಮಾಡಿರುತ್ತಾರೆ. ಎರಡು ಅಂಚಿನ ಉಬ್ಬುಗಳನ್ನು ಬೆರಳಾಡಿಸಿ ನೋಡಿದರೆ ಒಂದರ ಇಳಿಜಾರು ಮೈಯಲ್ಲಿ ಉದ್ದಕ್ಕೂ ಸಣ್ಣ ಗೀರುಗಾಲುವೆ ಸಿಗುತ್ತದೆ. ಎರಡು ಶೀಟು ಕೂತಾಗ ಆ ಗಾಲುವೆಯ ಜಾಗದಲ್ಲಿ ಸಂದಿ ದಿಢೀರನೆ ಅಗಲವಾಗುತ್ತದೆ. ಕಿರಿದಾದ ಸಂದಿಯಲ್ಲಿ ಹತ್ತಿ ಬಂದ ನೀರು ಅಲ್ಲಿ ಏರುವ ಬಲ ಕಳೆದುಕೊಂಡು ಗಾಲುವೆಯಲ್ಲೇ ಸೂರಿನ ಕಡೆ ಹರಿದುಹೋಗುತ್ತದೆ. ಗಾಲುವೆಯಿರುವ ಅಂಚು ಯಾವಾಗಲೂ ಕೆಳಗೆ ಹೋಗಬೇಕು, ಗಾಲುವೆಯಿಲ್ಲದ ಅಂಚು ಅದರ ಮೇಲೆ ಮುಚ್ಚಬೇಕು. ಶೀಟನ್ನು ಹಿಂದುಮುಂದು ಮಾಡಿದರೆ ಗಾಲುವೆ ಮೇಲೆ ಬಂದು ಬಿಸಿಲು ಕಾಯುತ್ತದೆ! ನೆಲದ ಮೇಲಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುವುದರಿಂದ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗೆಯೇ ಯಾವ ಕಡೆಯಿಂದ ಹೊದಿಸುತ್ತ ಬರಬೇಕು ಎಂಬುದು. ಒಂದು ಕೆಲಸದ ಜಾಗದಲ್ಲಿ ಫಿಟ್ಟರ್ ಒಬ್ಬರನ್ನು ಕೇಳಿದ್ದೆ, “ಪಡುವಣ ಕಡೆಯಿಂದ ಯಾಕೆ ಶುರು ಮಾಡಿದಿರಿ?” “ಸಾರ್, ಲಾರಿ ಆ ಕಡೆ ನಿಂತಿತ್ತಲ್ಲ, ಶೀಟು ಎತ್ತೋಕೆ ಸಲೀಸು” ಎಂದರು. ನಮ್ಮ ಮುಂಗಾರಿನ ಗಾಳಿ ಪಡುವಣದಿಂದ, ನೈಋತ್ಯದಿಂದ ಬರುವುದು. ಕೂಡಿಕೆಯಲ್ಲಿ ಮೇಲೆ ಕೂತ ಶೀಟಿನ ಬಾಯಿ ಗಾಳಿಗೆ ಬೆನ್ನು ಹಾಕಿರಬೇಕು. ಹಾಗಾಗಬೇಕಾದರೆ ಮೊದಲ ಶೀಟನ್ನು ಮೂಡಣ ತುದಿಯಲ್ಲಿಟ್ಟು ಗಾಳಿಗೆ ಎದುರಾಗಿ ಪಡುವಣಕ್ಕೆ ಸಾಗಬೇಕು. ಆಗ ಪ್ರತಿಯೊಂದು ಹೊಸ ಶೀಟೂ ಹಿಂದಿನದರ ಪಡುವಣ ಅಂಚನ್ನು ಮುಚ್ಚುತ್ತದೆ, ಬಾಯಿ ಮೂಡಣಕ್ಕೆ ತೆರೆಯುತ್ತದೆ. ಮಾಡಿನ ಇಳಿಜಾರೇ ಪಡುವಣಕ್ಕಿದ್ದರೆ ಬಡಗಣ ತುದಿಯಿಂದ ತೆಂಕಣಕ್ಕೆ ಬರಬೇಕು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ಲಾರಿ ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಿದರಾಯಿತು.

ಒಂದು ಮಾಡಿನ ಲೆಕ್ಕ ಹಾಕೋಣ. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದು ಟೆರೇಸ್ ಎಂದುಕೊಳ್ಳಿ. ಮಾಡಿನ ಉದ್ದ 40 ಅಡಿ. ಒಂದು ಬದಿಯ ಇಳಿಜಾರು ನೆತ್ತಿಯಿಂದ ಸೂರಿನ ಚಾಚಿನವರೆಗೆ ಅಡ್ಡಳತೆಯಲ್ಲಿ 22 ಅಡಿ. ವಾಟ ಅಡಿಗೆ ಎರಡು ಇಂಚು, ಅಂದರೆ ನೆತ್ತಿ ಸೂರಿಗಿಂತ 44 ಇಂಚು ಎತ್ತರ. ಇಳಿಜಾರಿನ ಗುಂಟ ಅಳೆದರೆ 22 ಅಡಿ 4 ಇಂಚಿನಷ್ಟಾಗುತ್ತದೆ. ಬಣ್ಣದ ಶೀಟನ್ನು ಕೇಳಿದ ಉದ್ದಕ್ಕೆ ಕತ್ತರಿಸಿ ಕೊಡುವುದರಿಂದ ಇಪ್ಪತ್ತೆರಡೂವರೆ ಅಡಿಯ ಒಂದೇ ಶೀಟು ತರಿಸಿದರೆ ಎಂಡ್ ಲ್ಯಾಪಿನ ತಲೆನೋವೇ ಇಲ್ಲ. ದಾರಿಯಿದ್ದರೆ ಅದನ್ನೇ ಮಾಡಬೇಕು. ಆದರೆ ಮನೆಯವರೆಗೆ ಉದ್ದ ಲಾರಿ ಬಾರದಿದ್ದರೆ, ತೋಟದ ತಿರುವಿನಲ್ಲಿ ಸಣ್ಣ ಗಾಡಿಗೆ ಬದಲಿಸಬೇಕಾದರೆ ಎರಡು ತುಂಡು ಅನಿವಾರ್ಯ. ಆಗ 12 ಅಡಿಯದೊಂದು, 11 ಅಡಿಯದೊಂದು ತಂದರೆ ಒಟ್ಟು 23 ಅಡಿ. ಲ್ಯಾಪಿಗೆ ಉಳಿಯುವುದು 8 ಇಂಚು, ಅಂದರೆ 20 ಸೆಂಟಿಮೀಟರ್. ಈ ವಾಟಕ್ಕೆ ಬೇಕಾದದ್ದು ಅಷ್ಟೇ.

ಇಲ್ಲೇ ಉಳಿತಾಯದ ಆಸೆ ಹುಟ್ಟುವುದು. ಅರ್ಧ ಅಡಿಗಿಂತ ಕಡಿಮೆ ಲ್ಯಾಪ್ ಹಿಡಿದು ಎರಡನೇ ತುಂಡನ್ನು ಹತ್ತೂಮುಕ್ಕಾಲು ಅಡಿಗೆ ಇಳಿಸಿದರೆ ಶೀಟೊಂದಕ್ಕೆ ಮೂರು ಇಂಚು ಉಳಿಯುತ್ತದೆ. ಶೀಟಿನ ಅಗಲ ಮೂರೂವರೆ ಅಡಿ, ಸೈಡ್ ಲ್ಯಾಪ್ ಕಳೆದರೆ ಹೊದಿಕೆಗೆ ಸಿಗುವುದು ಮೂರೂಕಾಲು. ನಲವತ್ತು ಅಡಿಗೆ 13 ಶೀಟು ಬೇಕು. ಹದಿಮೂರು ಮೂರು ಇಂಚುಗಳೆಂದರೆ 39 ಇಂಚು. ಇಡೀ ಬದಿಗೆ ಉಳಿದದ್ದು ಒಂದು ಮೀಟರ್ ಶೀಟು! ಕಳೆದುಕೊಂಡದ್ದು, ನೀರು 18 ಸೆಂಟಿಮೀಟರ್ ಹತ್ತಬಲ್ಲ ಮಾಡಿನಲ್ಲಿ ಲ್ಯಾಪನ್ನು 12–13 ಸೆಂಟಿಮೀಟರ್‌ಗೆ ಇಳಿಸಿದ್ದು.

ಇನ್ನೊಂದು ವಿಷಯವನ್ನು ವೆಲ್ಡಿಂಗ್ ಶುರುವಾಗುವ ಮೊದಲೇ ಹೇಳಿಬಿಡಬೇಕು. ಶೀಟಿನ ಉದ್ದ ಗೊತ್ತಾದ ಮೇಲೆ ಪರ್ಲಿನ್ ಜಾಗ ನಿರ್ಧಾರವಾಗಬೇಕು, ಪರ್ಲಿನ್ ಹಾಕಿದ ಮೇಲೆ ಶೀಟಿನ ಉದ್ದವಲ್ಲ. ಸೂರಿನಿಂದ 11 ಅಡಿ 4 ಇಂಚಿಗೆ ಲ್ಯಾಪ್ ಶುರುವಾಗಿ 12 ಅಡಿಗೆ ಮುಗಿಯುತ್ತದೆ ಎಂದಾದರೆ ಆ ಎಂಟು ಇಂಚಿನ ಒಳಗೇ ಒಂದು ಪರ್ಲಿನ್ ಇರಬೇಕು. ಇಲ್ಲದಿದ್ದರೆ ಲ್ಯಾಪ್ ಗಾಳಿಯಲ್ಲಿ ನೇತಾಡುತ್ತದೆ. ಯಾರಾದರೂ ಮೇಲೆ ನಡೆದಾಗ ಕೆಳಗಿನ ಶೀಟು ಬಾಗಿ ಬಾಯಿ ಬಿಡುತ್ತದೆ, ಒಳಗಿನ ಟೇಪ್ ಕಿತ್ತುಬರುತ್ತದೆ.

ಟೇಪ್ ಎಂದಾಗ ಎರಡು ವಸ್ತುಗಳನ್ನು ಬೇರೆ ಮಾಡಿ ನೋಡಬೇಕು. ಒಂದು ಲ್ಯಾಪಿನ ಒಳಗೆ ಕೂರುವ ಬ್ಯೂಟೈಲ್ ಟೇಪ್, ಕಾಗದದ ಪಟ್ಟಿಯ ಮೇಲೆ ಸುತ್ತಿಟ್ಟ ಮೆತ್ತನೆಯ ರಬ್ಬರಿನ ಎಳೆ. ಅದು ಗಟ್ಟಿಯಾಗುವುದೇ ಇಲ್ಲ, ವರ್ಷಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಅದರ ಗುಣವೇ ಅದು. ಬಿಸಿಲಿಗೆ ಶೀಟು ಹಿಗ್ಗುತ್ತದೆ, ಮಳೆ ಬಿದ್ದೊಡನೆ ಕುಗ್ಗುತ್ತದೆ. ಹನ್ನೆರಡು ಅಡಿಯ ಉಕ್ಕಿನ ಶೀಟು 40 ಡಿಗ್ರಿ ತಾಪದ ಏರಿಳಿತಕ್ಕೆ ಎರಡು ಮಿಲಿಮೀಟರ್‌ನಷ್ಟು ಆಡುತ್ತದೆ. ಮೆತ್ತನೆಯ ಟೇಪ್ ಜೊತೆಗೇ ಎಳೆದುಕೊಂಡು ಹೋಗುತ್ತದೆ, ಗಟ್ಟಿಯಾಗುವ ಅಂಟು ಸೀಳುತ್ತದೆ. ಇನ್ನೊಂದು, ಬೆಳ್ಳಿ ಹಾಳೆಯ ಬೆನ್ನಿರುವ ಪಟ್ಟಿ. ಸೋರಿದ ಮೇಲೆ ಹೊರಗಿನಿಂದ ಅಂಟಿಸುತ್ತಾರಲ್ಲ, ಅದು. ತುರ್ತಿಗೆ ಸರಿ, ಲ್ಯಾಪಿನೊಳಗಿನ ಟೇಪಿಗೆ ಬದಲಿಯಲ್ಲ.

ಒಳಟೇಪನ್ನು ಎರಡು ಸಾಲು ಹಾಕುವುದು ಒಳ್ಳೆಯದು. ಒಂದು ಲ್ಯಾಪಿನ ಕೆಳಬಾಯಿಯಿಂದ ಒಂದಿಂಚು ಒಳಗೆ, ಇನ್ನೊಂದು ಕೆಳಗಿನ ಶೀಟಿನ ಮೇಲುತುದಿಯ ಹತ್ತಿರ. ಸ್ಕ್ರೂಗಳು ಇವೆರಡರ ನಡುವೆ ಬರಬೇಕು. ವಾಶರಿಲ್ಲದ ಆ ಒಳತೂತಿಗೆ ಕೆಳಗಿನ ಸಾಲು ನೀರು ಮುಟ್ಟಲು ಬಿಡುವುದಿಲ್ಲ, ಗಾಳಿ ತಳ್ಳಿ ತಂದದ್ದನ್ನು ಮೇಲಿನ ಸಾಲು ತಡೆಯುತ್ತದೆ. ಶೀಟು ಒಣಗಿರಬೇಕು, ಎಣ್ಣೆ ಧೂಳು ಒರೆಸಿರಬೇಕು. ಟೇಪನ್ನು ಎಳೆದು ಅಂಟಿಸಬಾರದು. ಕೆಲಸಗಾರರು ಅವಸರದಲ್ಲಿ ಉಬ್ಬಿನಿಂದ ಉಬ್ಬಿಗೆ ಹಗ್ಗ ಕಟ್ಟಿದಂತೆ ಎಳೆದುಬಿಡುತ್ತಾರೆ. ಆಗ ಉಬ್ಬಿನ ಬುಡದ ಮೂಲೆಯಲ್ಲಿ ಟೇಪ್ ಶೀಟಿಗೆ ತಾಗುವುದೇ ಇಲ್ಲ, ಆದರೆ ಹೆಚ್ಚು ನೀರು ಹರಿಯುವುದು ಅಲ್ಲೇ. ಬೆರಳಿನಿಂದ ಒತ್ತುತ್ತ ಪ್ರತಿ ಏರು, ತಳ, ಇಳುಕಲಿನ ಗುಂಟ ಕೂರಿಸಬೇಕು. ಒಂದು ಮೀಟರ್ ಅಗಲಕ್ಕೆ ಸುಮಾರು 1.2 ಮೀಟರ್ ಟೇಪ್ ಹಿಡಿಯುತ್ತದೆ. ನಮ್ಮ ಲೆಕ್ಕದ ಮಾಡಿನ ಒಂದು ಬದಿಗೆ, ಎರಡು ಸಾಲಿಗೆ, 31–32 ಮೀಟರ್ ಆಯಿತು. ಕೆಲಸ ಮುಗಿದಾಗ ಇಪ್ಪತ್ತೈದು ಮೀಟರ್ ಮಾತ್ರ ಖರ್ಚಾಗಿದ್ದರೆ ಟೇಪನ್ನು ಎಳೆದಿದ್ದಾರೆ ಎಂದೇ ಅರ್ಥ.

ಸ್ಕ್ರೂಗಳನ್ನು ನಮ್ಮಲ್ಲಿ ಉಬ್ಬಿನ ನೆತ್ತಿಗೇ ಹಾಕುವುದು, ತಗ್ಗಿಗಲ್ಲ. ತಗ್ಗು ನೀರಿನ ಕಾಲುವೆ, ಅಲ್ಲಿ ತೂತು ಮಾಡಿದರೆ ಮಳೆಗಾಲವಿಡೀ ವಾಶರ್ ನೀರಿನಲ್ಲೇ ಮುಳುಗಿರುತ್ತದೆ. ಹಿಂದೆ ಜೆ ಬೋಲ್ಟಿನ ಕಾಲದಲ್ಲಿ ಟಾರಿನ ವಾಶರ್ ಇರುತ್ತಿತ್ತು, ಬಿಸಿಲಿಗೆ ಒಣಗಿ ಪುಡಿಯಾಗುತ್ತಿತ್ತು. ಈಗಿನ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂವಿನಲ್ಲಿ ಲೋಹದ ಬಿಲ್ಲೆಗೆ ಇಪಿಡಿಎಂ ರಬ್ಬರ್ ಅಂಟಿಸಿರುತ್ತಾರೆ. ಬಿಸಿಲು ಮಳೆ ಎರಡನ್ನೂ ಅದು ಬಹುಕಾಲ ತಾಳುತ್ತದೆ. ಅದೇ ಬಣ್ಣದ ಅಗ್ಗದ ಪ್ಲಾಸ್ಟಿಕ್ ವಾಶರೂ ಮಾರುಕಟ್ಟೆಯಲ್ಲಿದೆ. ಕೊಳ್ಳುವಾಗ ಒಂದನ್ನು ಇಕ್ಕಳದಿಂದ ಮಡಚಿ ನೋಡಿ: ಒಳ್ಳೆಯ ರಬ್ಬರ್ ಬಿಲ್ಲೆ ಬಿಟ್ಟು ಬರುವುದಿಲ್ಲ, ಬಿರುಕೂ ಬಿಡುವುದಿಲ್ಲ.

ವಾಶರ್ ಒಳ್ಳೆಯದಾದರೂ ಬಿಗಿ ತಪ್ಪಿದರೆ ಕೆಲಸ ಕೆಟ್ಟಿತು. ಸರಿಯಾಗಿ ಬಿಗಿದ ಸ್ಕ್ರೂವನ್ನು ಹತ್ತಿರದಿಂದ ನೋಡಿದರೆ ಬಿಲ್ಲೆಯ ಅಂಚಿಗೆ ರಬ್ಬರ್ ತೆಳುವಾಗಿ, ಸುತ್ತಲೂ ಸಮನಾಗಿ ಇಣುಕುತ್ತಿರುತ್ತದೆ. ಬೆರಳಿನಿಂದ ತಿರುಗಿಸಿದರೆ ವಾಶರ್ ತಿರುಗಬಾರದು, ತಿರುಗಿದರೆ ಸಡಿಲ. ಅತಿಯಾಗಿ ಬಿಗಿದರೆ ರಬ್ಬರ್ ಹೊರಗೆ ಚಿಮ್ಮಿ ಹಪ್ಪಳದಂತೆ ಹರಡಿಕೊಳ್ಳುತ್ತದೆ. ಬಿಲ್ಲೆ ಬಟ್ಟಲಾಗಿ ಮಡಚುತ್ತದೆ, ಶೀಟಿನ ಉಬ್ಬು ಕುಗ್ಗಿ ಸುತ್ತ ಗುಂಡಿಯಾಗುತ್ತದೆ, ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಇಂಪ್ಯಾಕ್ಟ್ ಯಂತ್ರ ಹಿಡಿದು ‘ಕಟಕಟ’ ಎನ್ನುವವರೆಗೆ ಒತ್ತುವವರ ಕೆಲಸದಲ್ಲಿ ಇದು ಸಾಮಾನ್ಯ. ತಿರುಪಿನ ಮಿತಿ ಹೊಂದಿಸಬಹುದಾದ ಮಷೀನು ಬಳಸಿದರೆ ಈ ಗೋಳಿಲ್ಲ. ಓರೆಯಾಗಿ ಇಳಿದ ಸ್ಕ್ರೂ ಕೂಡ ಒಂದು ಪಕ್ಕ ಮಾತ್ರ ಮುಚ್ಚುತ್ತದೆ.

ಎಷ್ಟು ಸ್ಕ್ರೂ ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಸೂರು, ನೆತ್ತಿ, ಎಂಡ್ ಲ್ಯಾಪ್ ಇರುವ ಪರ್ಲಿನ್‌ಗಳಲ್ಲಿ ಪ್ರತಿ ಉಬ್ಬಿಗೂ ಒಂದು, ನಡುವಿನವುಗಳಲ್ಲಿ ಉಬ್ಬು ಬಿಟ್ಟು ಉಬ್ಬಿಗೆ. ಸೈಡ್ ಲ್ಯಾಪಿನ ಉದ್ದಕ್ಕೂ ಒಂದೂವರೆ ಎರಡು ಅಡಿಗೊಂದರಂತೆ ಸಣ್ಣ ಸ್ಕ್ರೂ ಹಾಕಿ ಎರಡು ಶೀಟುಗಳನ್ನು ಹೊಲಿದರೆ ಗಾಳಿಗೆ ಬಾಯಿ ತೆರೆಯುವುದಿಲ್ಲ. ಕೊರೆದಾಗ ಉದುರಿದ ಕಬ್ಬಿಣದ ಪುಡಿಯನ್ನು ಅಂದಂದೇ ಸಂಜೆ ಗುಡಿಸಬೇಕು. ಬಿಟ್ಟರೆ ಮೊದಲ ಇಬ್ಬನಿಗೇ ತುಕ್ಕು ಹಿಡಿದು ಬಣ್ಣದ ಮೇಲೆ ಕೆಂಪು ಕಲೆ ಬೀಳುತ್ತದೆ.

ಈಗಾಗಲೇ ಸೋರುತ್ತಿರುವ ಮಾಡಿನವರು ಹನಿಯ ನಡತೆಯಿಂದಲೇ ಕಾರಣ ಗುರುತಿಸಬಹುದು. ಗಾಳಿ ಇದ್ದಾಗ ಮಾತ್ರ ಸೋರಿ, ನೆಟ್ಟಗಿನ ಮಳೆಗೆ ಸುಮ್ಮನಿದ್ದರೆ ಸೈಡ್ ಲ್ಯಾಪಿನ ಬಾಯಿ ಗಾಳಿಗೆ ತೆರೆದಿರಬಹುದು. ಮಳೆ ಶುರುವಾದ ಕೂಡಲೇ ಸ್ಕ್ರೂವಿನ ನೇರ ಕೆಳಗೆ ಹನಿದರೆ ವಾಶರ್. ಗಾಳಿಯಿಲ್ಲದ ಜಡಿಮಳೆಗೆ ಗಂಟೆ ಎರಡು ಗಂಟೆ ಬಿಟ್ಟು ಶುರುವಾಗಿ, ಮಳೆ ನಿಂತ ಮೇಲೂ ಮುಂದುವರಿದರೆ ಎಂಡ್ ಲ್ಯಾಪ್. ಮಳೆಯೇ ಇಲ್ಲದ ಚಳಿಯ ಬೆಳಗ್ಗೆ ಹನಿ ಬಿದ್ದರೆ ಅದು ಸೋರಿಕೆಯೇ ಅಲ್ಲ, ತಂಪಾದ ಶೀಟಿನ ಅಡಿಗೆ ಕೂತ ತೇವ. ಸಂಶಯ ಉಳಿದರೆ ಬೇಸಿಗೆಯಲ್ಲಿ ಪೈಪಿನಿಂದ ನೀರು ಬಿಟ್ಟು ನೋಡಬಹುದು. ಸೂರಿನ ಹತ್ತಿರ ಶುರುಮಾಡಿ, ಒಂದೊಂದು ಜಾಗದಲ್ಲಿ ಹತ್ತು ನಿಮಿಷ ನಿಂತು, ನಿಧಾನ ಮೇಲಕ್ಕೆ ಹೋಗಬೇಕು. ನೆತ್ತಿಯಿಂದಲೇ ಸುರಿದರೆ ಇಡೀ ಮಾಡು ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ರಿಪೇರಿಗೆ ಬಂದವರು ಸಾಮಾನ್ಯವಾಗಿ ಲ್ಯಾಪಿನ ಕೆಳಬಾಯಿಗೆ ಹೊರಗಿನಿಂದ ಸಿಲಿಕೋನ್ ಗೆರೆ ಎಳೆದು ಹೋಗುತ್ತಾರೆ. ಒಂದೆರಡು ತಿಂಗಳು ಹನಿ ನಿಲ್ಲಬಹುದು. ಗೆರೆ ಒಂದು ಕಡೆ ಬಿಟ್ಟುಕೊಂಡರೆ ಅಲ್ಲಿ ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ, ಲ್ಯಾಪಿನೊಳಗೇ ನಿಂತು ಶೀಟನ್ನು ತಿನ್ನುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಆದರೆ ಅದರ ಆಮ್ಲವೇ ಸತುವಿನ ಲೇಪವನ್ನು ಕೆಡಿಸುತ್ತದೆ. ಸರಿಯಾದ ರಿಪೇರಿ ಎಂದರೆ ಏಪ್ರಿಲ್ ಹೊತ್ತಿಗೆ ಆ ಸಾಲಿನ ಸ್ಕ್ರೂ ಬಿಚ್ಚಿ, ಮೇಲಿನ ಶೀಟನ್ನು ನಾಲ್ಕು ಬೆರಳು ಎತ್ತಿ, ಮರದ ತುಂಡು ಕೊಟ್ಟು ನಿಲ್ಲಿಸಿ, ಒಳಗಿನ ಮಣ್ಣು ಪಾಚಿ ಉಜ್ಜಿ ತೆಗೆದು, ಒಂದು ಬಿಸಿಲು ಒಣಗಿಸಿ ಟೇಪ್ ಕೂರಿಸುವುದು. ಮುಚ್ಚುವಾಗ ಹಳೆಯ ಸ್ಕ್ರೂ ಅದೇ ತೂತಿಗೆ ಹಿಡಿಯುವುದಿಲ್ಲ, ಐದೂವರೆ ಮಿಲಿಮೀಟರಿನದರ ಜಾಗಕ್ಕೆ 6.3 ಮಿಲಿಮೀಟರಿನದು ಹೊಸ ವಾಶರ್ ಸಮೇತ ಹಾಕಬೇಕು. ಇಬ್ಬರು ಕೈಸೇರಿಸಿದರೆ ನಲವತ್ತು ಅಡಿಯ ಸಾಲನ್ನು ಎರಡು ದಿನದಲ್ಲಿ ಮುಗಿಸಬಹುದು. ಲ್ಯಾಪೇ ನಾಲ್ಕೈದು ಇಂಚು ಇದ್ದರೆ, ವಾಟ ಅಡಿಗೆ ಒಂದೇ ಇಂಚಾಗಿದ್ದರೆ ಮಾತ್ರ ಟೇಪಿಗೆ ದುಡ್ಡು ಹಾಕುವ ಮೊದಲು ಕೆಳಗಿನ ಸಾಲಿನ ಶೀಟುಗಳನ್ನೇ ಉದ್ದದವಕ್ಕೆ ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿ.